ಅನನ್ಯಳಿಗೆ ಎರಡು ದಿನ ರಜೆ ಕೋರಿ

ಗುರುವಾರ, 14

ನಮಸ್ಕಾರ ಮೇಡಂ,

ನಾನು 5ನೇ ತರಗತಿ ‘ಬಿ’ ವಿಭಾಗದ ಅನನ್ಯಳ ತಾಯಿ. ನಿನ್ನೆ ಸಂಜೆ ಶಾಲೆಯಿಂದ ಬಂದಾಗಲೇ ಅವಳ ಮೈ ಬೆಚ್ಚಗಿತ್ತು, ರಾತ್ರಿ ಜ್ವರ 102 ಡಿಗ್ರಿಗೆ ಏರಿತು. ಬೆಳಿಗ್ಗೆಯೇ ಡಾಕ್ಟರಿಗೆ ತೋರಿಸಿದೆವು. ವೈರಲ್ ಜ್ವರ, ಗಾಬರಿಯೇನಿಲ್ಲ, ಆದರೆ ಎರಡು ದಿನ ಮನೆಯಲ್ಲೇ ಇರಲಿ ಎಂದಿದ್ದಾರೆ. ಹಾಗಾಗಿ ಇಂದು ಮತ್ತು ನಾಳೆ, ಅಂದರೆ 14 ಮತ್ತು 15ರಂದು, ಅವಳಿಗೆ ರಜೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ನಾಳೆ ಗಣಿತದ ಕಿರುಪರೀಕ್ಷೆ ಇದೆಯೆಂದು ಮಲಗಿದಲ್ಲಿಂದಲೇ ಮೂರು ಸಲ ನೆನಪಿಸಿದಳು. ಭಿನ್ನರಾಶಿ ಲೆಕ್ಕಗಳನ್ನು ವಾರವಿಡೀ ಆಸೆಯಿಂದ ಮಾಡಿಕೊಂಡಿದ್ದಳು, ಪಾಪ. ಮುಂದಿನ ವಾರ ನಿಮಗೆ ಬಿಡುವಾದಾಗ ಬರೆಯಲು ಅವಕಾಶ ಕೊಟ್ಟರೆ ತುಂಬಾ ಉಪಕಾರವಾಗುತ್ತದೆ. ತಪ್ಪಿದ ನೋಟ್ಸನ್ನು ಅವಳ ಗೆಳತಿಯರಿಂದ ತಂದು ಬರೆಸುತ್ತೇನೆ.

ಸೋಮವಾರ ಬರುವಾಗ ಡಾಕ್ಟರ ಚೀಟಿಯನ್ನು ಡೈರಿಯಲ್ಲಿಟ್ಟು ಕಳಿಸುತ್ತೇನೆ. ಅಷ್ಟರಲ್ಲಿ ಜ್ವರ ಬಿಡದಿದ್ದರೆ ಮೊದಲ ಬೆಲ್‌ಗೆ ಮುಂಚೆಯೇ ನಿಮಗೆ ತಿಳಿಸುತ್ತೇನೆ.

ವಂದನೆಗಳೊಂದಿಗೆ,
ಅನನ್ಯಳ ಅಮ್ಮ