ಬೇಡ ಅನ್ನೋಕೆ ಕಾರಣ ಕೊಡ್ಬೇಕಂತೆ

ಹೆಣ್ಣು ನೋಡೋ ಶಾಸ್ತ್ರ ಅಂದ್ರೆ ಎಲ್ರಿಗೂ ಉಪ್ಪಿಟ್ಟು ಕೇಸರಿಬಾತ್ ಜೋಕ್ ನೆನಪಾಗುತ್ತೆ. ಜೋಕ್ ಚೆನ್ನಾಗೇ ಇದೆ, ಆದ್ರೆ ಬಂದವ್ರು ಹೋದ್ಮೇಲೆ ಆ ಕೇಸರಿಬಾತ್ ಬಾಣಲೆ ಉಜ್ಜೋ ಹೊತ್ತಲ್ಲಿ ಅಡುಗೆಮನೇಲಿ ಏನು ನಡೆಯುತ್ತೆ ಅಂತ ಯಾರೂ ಹೇಳಲ್ಲ. ಅವ್ರ ಕಾರು ಇನ್ನೂ ಬೀದಿ ತಿರುವು ದಾಟಿರಲ್ಲ, ಅಮ್ಮ ಶುರು ಮಾಡಿರ್ತಾಳೆ, "ಹುಡುಗ ಹೇಗನ್ನಿಸ್ದ?" ಅಂತ. ಅದು ನಿಜವಾದ ಪ್ರಶ್ನೆ ಅಂದ್ಕೊಂಡು ಮೊದಮೊದಲು ಉತ್ತರ ಕೊಡೋಕೆ ಹೋಗ್ತಿದ್ದೆ. ಹೂಂ ಅಂದ್ರೆ ಯಾಕೆ ಹೂಂ ಅಂತ ಈ ಭೂಮಿ ಮೇಲೆ ಯಾರೂ ಕೇಳಲ್ಲ. ಬೇಡ ಅಂದ್ರೆ ಮಾತ್ರ ಅಪ್ಪಂಗೊಂದ್ಸಲ, ಅಮ್ಮಂಗೊಂದ್ಸಲ, ದೊಡ್ಡಮ್ಮಂಗೊಂದ್ಸಲ, ಹುಬ್ಬಳ್ಳೀಲಿರೋ ಮಾವಂಗೆ ಫೋನಲ್ಲೊಂದ್ಸಲ ಕಾರಣ ಕೊಡ್ಬೇಕು, ಅದೂ ಎಲ್ರೂ ಒಪ್ಪೋ ಅಂಥ ಕಾರಣ.

ನಂದು ತಿಪಟೂರು. ಬೆಂಗಳೂರಲ್ಲಿ ಒಂದು ಆಡಿಟರ್ ಆಫೀಸಲ್ಲಿ ಜಿಎಸ್‌ಟಿ ಕೆಲ್ಸ, ರಾಜಾಜಿನಗರದಲ್ಲಿ ಪಿಜಿ. ವಯಸ್ಸು 29, ನಮ್ಮನೆ ಲೆಕ್ಕದಲ್ಲಿ "ಮೂವತ್ತು ನಡೀತಿದೆ". ಶನಿವಾರ ಯಶವಂತಪುರದಲ್ಲಿ ಟ್ರೈನ್ ಹತ್ತೋದು, ಭಾನುವಾರ ಸೀರೆ ಉಟ್ಟು ಕೂರೋದು, ಸೋಮವಾರ ಬೆಳಿಗ್ಗೆ ವಾಪಸ್. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ಹಾಕೋಕೆ ಕೊನೇ ದಿನ, ಇವೆರಡರ ಮಧ್ಯದ ಭಾನುವಾರಾನೇ ಹುಡುಗನ ಕಡೆಯವ್ರಿಗೂ ಅನುಕೂಲ ಆಗೋದು ಅದು ಹೇಗೋ ನಂಗಂತೂ ಗೊತ್ತಿಲ್ಲ.

ಜಾತಕದ ಕಥೆ ಬೇರೇನೇ ಇದೆ. ನಂದು ವಿಶಾಖ ನಕ್ಷತ್ರ. ನಮ್ಮ ಕಡೆ ಹೇಳ್ತಾರಲ್ಲ, ಮೂಲಾ ಮಾವಂಗಾಗಲ್ಲ, ಆಶ್ಲೇಷ ಅತ್ತೆಗಾಗಲ್ಲ, ಜ್ಯೇಷ್ಠ ಭಾವಂಗಾಗಲ್ಲ, ವಿಶಾಖ ಮೈದುನಂಗಾಗಲ್ಲ ಅಂತ. ಹಾಗಾಗಿ ತಮ್ಮ ಇರೋ ಹುಡುಗ ನಂಗೆ ಬರಂಗಿಲ್ಲ. ವಾಟ್ಸಾಪಲ್ಲಿ ಬಯೋಡೇಟಾ ಬಂದ ತಕ್ಷಣ ಅಪ್ಪ ಕನ್ನಡಕ ಏರಿಸ್ಕೊಂಡು ಮೊದ್ಲು ಓದೋದು ಹುಡುಗನ ಓದೂ ಅಲ್ಲ ಕೆಲ್ಸಾನೂ ಅಲ್ಲ, ಕೆಳಗಡೆ ಇರೋ ಒಡಹುಟ್ಟಿದವರು ಅನ್ನೋ ಲೈನು. ಅಲ್ಲಿ ಒಬ್ಬ ತಮ್ಮ ಕಂಡ ಅಂದ್ರೆ ಮುಗೀತು, ಅವನ್ಯಾರೋ ಪಾಪ ಎಲ್ಲೋ ಡಿಗ್ರಿ ಓದ್ತಿರ್ತಾನೆ, ನನ್ನಿಂದ ಬಚಾವಾದ ಅಂತ ಅವನಿಗೇ ಗೊತ್ತಿರಲ್ಲ.

ಆಮೇಲೆ 36 ಗುಣದಲ್ಲಿ 18ಆದ್ರೂ ಬರ್ಬೇಕು. ಅದ್ರಲ್ಲಿ ನಾಡಿಗೇ 8, ಅದೊಂದು ಹೋದ್ರೆ ಮಿಕ್ಕಿದ್ದೆಲ್ಲ ಬಂದ್ರೂ ಜೋಯಿಸ್ರು ತಲೆ ಅಲ್ಲಾಡಿಸ್ತಾರೆ. ಗ್ರಹಮೈತ್ರಿ ಅಂತ 5 ಅಂಕ ಇದೆ, ಅದು ಇಬ್ರ ಮನಸ್ಸು ಹೊಂದೋದಕ್ಕಂತೆ. ಇಬ್ರನ್ನೂ ಕೇಳ್ದೇನೇ ಹಾಕ್ತಾರೆ. ಇದೆಲ್ಲದ್ರ ಮೇಲೆ ಗುರುಬಲ. 2025ರ ಮೇನಲ್ಲಿ ಗುರು ಮಿಥುನಕ್ಕೆ ಬಂದ, ನನ್ನ ತುಲಾ ರಾಶಿಗೆ ಒಂಬತ್ತನೇ ಮನೆ, ಅಮ್ಮನ ಮುಖದಲ್ಲಿ ಕಳೆ ಬಂತು. ಆದ್ರೆ ಅದ್ರ ಜೊತೇಲೇ ಗಡುವೂ ಬಂತಲ್ಲ. ಕರ್ಕಾಟಕಕ್ಕೆ ಹೋದ್ರೆ ಗುರುಬಲ ಇಲ್ಲ, ಮತ್ತೆ ಸಿಂಹಕ್ಕೆ ಬರೋವರೆಗೂ ಕಾಯ್ಬೇಕು, "ಅಷ್ಟೊತ್ತಿಗೆ ನಿಂಗೆಷ್ಟಾಗುತ್ತೆ ಲೆಕ್ಕ ಹಾಕು" ಅಂತ ದಿನಾ ಫೋನಲ್ಲಿ. ಲೆಕ್ಕ ಹಾಕೋದೇ ನನ್ ಕೆಲ್ಸ ಕಣಮ್ಮ ಅಂದೆ ಒಂದಿನ, ನಗ್ಲಿಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸ ಈ ಮೂರೇ ನಂಗೆ ವರ್ಷದಲ್ಲಿ ಸಿಗೋ ರಜೆ, ಜನ ಆಷಾಢದಲ್ಲಿ ಸೇಲ್‌ಗೆ ಕಾಯ್ತಾರೆ ನಾನು ಆಷಾಢಕ್ಕೇ ಕಾಯ್ತೀನಿ.

ಬರೋ ಜನದ ಬಗ್ಗೆ ನಂಗೆ ಸಿಟ್ಟಿಲ್ಲ ಅಂದ್ರೆ ನಂಬಲ್ಲ ನೀವು. ಸುಮಾರು ಜನ ಒಳ್ಳೇವ್ರೇ. ಹಾಲಲ್ಲಿ ಕೂತು ಮಳೆ ಬಗ್ಗೆ, ಕೊಬ್ಬರಿ ರೇಟ್ ಬಗ್ಗೆ, ಹೈವೇ ಬಗ್ಗೆ ಮಾತಾಡಿ, ನಾನು ಟ್ರೇ ಇಟ್ಟ ಮೇಲೆ ಒಂದು ನಿಮಿಷ ಎಲ್ರೂ ಸುಮ್ನಾಗ್ತಾರಲ್ಲ, ಆ ಒಂದು ನಿಮಿಷ ಮಾತ್ರ ಕಷ್ಟ. ಯಾರೋ ಅಜ್ಜಿ "ಫೋಟೋದಲ್ಲಿ ಸ್ವಲ್ಪ ಬೆಳ್ಳಗಿದ್ಲು" ಅಂತ ಪಕ್ಕದವ್ರಿಗೆ ಗುಟ್ಟಾಗಿ ಹೇಳ್ತಾರೆ, ಅಜ್ಜಿಗೆ ಕಿವಿ ಮಂದ ಇರುತ್ತೆ, ಅವ್ರ ಗುಟ್ಟು ಹಿತ್ಲಿನವರೆಗೂ ಕೇಳುತ್ತೆ.

ಆಮೇಲೆ ಯಾರಾದ್ರೂ ದೊಡ್ಡವ್ರು "ಮಕ್ಳು ಮಾತಾಡ್ಕೊಳ್ಳಿ ಬಿಡಿ" ಅಂತಾರೆ. ನಮ್ಮನೇಲಿ ಮಾತಾಡೋ ಜಾಗ ಅಂದ್ರೆ ಮೇಲ್ಗಡೆ ಕೊಬ್ಬರಿ ಅಟ್ಟದ ಪಕ್ಕ. ಕೆಳಗಡೆ ಎಲ್ರೂ ಕಾಫಿ ಕುಡಿಯೋದು ನಿಧಾನ ಮಾಡಿ ಮೇಲಿನ ಸದ್ದಿಗೆ ಕಿವಿ ಕೊಟ್ಟಿರ್ತಾರೆ. ಹತ್ತು ನಿಮಿಷ ಅಷ್ಟೇ. ಅದಕ್ಕಿಂತ ಜಾಸ್ತಿ ಆದ್ರೆ ಹುಡುಗಿಗೆ ಮಾತು ಜಾಸ್ತಿ, ಕಮ್ಮಿ ಆದ್ರೆ ಇಷ್ಟ ಇಲ್ವೇನೋ ಅಂತ. ಒಬ್ರು ಏನೂ ತೋಚದೆ ಅಟ್ಟ ತೋರಿಸಿ ಇದೇನು ಇಷ್ಟೊಂದು ಕಾಯಿ ಅಂದ್ರು. ಉಂಡೆ ಕೊಬ್ಬರಿ ಆಗೋಕೆ ಕಾಯಿ ಹತ್ತಿರ ಹತ್ತಿರ ಒಂದು ವರ್ಷ ಹೀಗೇ ಇಡ್ಬೇಕು, ಒಳಗೆ ನೀರು ಆರಿ, ಅಲ್ಲಾಡ್ಸಿದ್ರೆ ಲೊಟಲೊಟ ಸದ್ದು ಬರ್ಬೇಕು, ಅವಸರ ಮಾಡಿ ಒಡೆದ್ರೆ ಕೊಳೆತಿರುತ್ತೆ ಅಂತ ನಾನು ವಿವರಿಸ್ತಾ ಇದ್ದೆ, ಕೆಳಗಿಂದ "ಬರ್ರಪ್ಪ, ಹೊರಡೋಣ" ಅಂದ್ರು. ಅವ್ರಿಗೆ ಕೊಬ್ಬರಿ ಬಗ್ಗೆ ಚೆನ್ನಾಗಿ ಗೊತ್ತಾಯ್ತು.

ಇನ್ನೊಬ್ರು ಮೆಟ್ಲು ಹತ್ತಿ ಮುಗಿಸೋಕೂ ಮುಂಚೆ ಸಣ್ಣ ದನೀಲಿ, "ನಂಗೆ ಬೇರೆ ಕಡೆ ಇಷ್ಟ ಇದೆ, ಮನೇಲಿ ಹೇಳೋಕಾಗ್ತಿಲ್ಲ, ನೀವೇ ಬೇಡ ಅಂದ್ಬಿಡ್ತೀರಾ ಪ್ಲೀಸ್" ಅಂದ್ರು. ಅಯ್ಯೋ ಪಾಪ ಅನ್ನಿಸ್ತು, ಹೂಂ ಅಂದೆ. ಆಮೇಲೆ ಒಂದು ವಾರ ಅಡುಗೆಮನೇಲಿ ಬೈಸ್ಕೊಂಡಿದ್ದು ನಾನು. ಇಂಜಿನಿಯರ್ರು, ಸ್ವಂತ ಮನೆ, ಒಬ್ಬನೇ ಮಗ, ಮೈದುನನ ತಾಪತ್ರಯಾನೂ ಇಲ್ಲ, ಅಂಥವ್ನನ್ನ ಬಿಟ್ಳಲ್ಲ ಅಂತ ದೊಡ್ಡಮ್ಮ ಇವತ್ತಿಗೂ ಹೇಳ್ತಾರೆ. ನಾನು ಬಾಯಿ ಬಿಟ್ಟಿಲ್ಲ. ಹುಡುಗರಿಗೂ ಒತ್ತಡ ಇದೆ ಅಂತ ಗೊತ್ತು, ಆದ್ರೆ ಅವ್ರ ಬೇಡವನ್ನೂ ನಾನೇ ಹೊರ್ಬೇಕಾ ಅನ್ನೋದೊಂದು ಉಳ್ಕೊಂಡಿದೆ.

ಆದ್ರೆ ನಂಗೆ ನಿಜವಾಗ್ಲೂ ಕೈಕಾಲು ತಣ್ಣಗಾಗಿದ್ದು ಹಾಸನದ ಕಡೆಯವ್ರು ಬಂದಾಗ. ಒಳ್ಳೆ ಜನ, ಹುಡುಗನೂ ಸೌಮ್ಯ. ತಿಂಡಿ ಆಯ್ತು, ಮಾತಾಯ್ತು, ಹೊರಡೋ ಟೈಮಿಗೆ ಹುಡುಗನ ತಾಯಿ ಬ್ಯಾಗಿಂದ ಬಾಳೆಎಲೇಲಿ ಸುತ್ತಿದ್ದ ಪೊಟ್ಟಣ ತೆಗೆದ್ರು, ಒಂದು ಮೊಳಕ್ಕಿಂತ ಜಾಸ್ತಿ ಮಲ್ಲಿಗೆ. "ನಮಗೆಲ್ಲ ಒಪ್ಪಿಗೆ, ಘಳಿಗೇನೂ ಚೆನ್ನಾಗಿದೆ, ಇವತ್ತೇ ಹೂ ಮುಡಿಸಿಬಿಡ್ತೀವಿ" ಅಂದ್ರು. ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಹೂ ಮುಡಿಸಿದ್ರು ಅಂದ್ರೆ ಮದುವೆ ಗೊತ್ತಾಯ್ತು ಅಂತ ಅರ್ಥ, ಆಮೇಲೆ ಹಿಂದೆ ಸರಿದ್ರೆ ಅದು ಮದುವೆ ಮುರಿದ ಹಾಗೇ ಊರಲ್ಲಿ ಮಾತಾಗುತ್ತೆ. ಅಮ್ಮ ಅಪ್ಪನ ಮುಖ ನೋಡಿದ್ಲು, ಅಪ್ಪ ಗೋಡೆ ಗಡಿಯಾರ ನೋಡಿದ್ರು, ದೊಡ್ಡಮ್ಮ ಆಗ್ಲೇ ಪೂರ್ವಕ್ಕೆ ಮಣೆ ಹಾಕಿ ಆಗಿತ್ತು. ನನ್ನ ಕಡೆ ಯಾರೂ ನೋಡ್ಲಿಲ್ಲ. ಆ ಅಮ್ಮ ಹೂ ಬಿಡಿಸಿ ಎರಡು ಕೈಯಲ್ಲಿ ಹಿಡ್ಕೊಂಡು ನನ್ನ ಹಿಂದೆ ಬಂದು ನಿಂತ್ರು, ಮಲ್ಲಿಗೆ ತಣ್ಣಗೆ ಕತ್ತಿಗೆ ತಾಕ್ತು, ಆಗ ನನ್ನ ಬಾಯಲ್ಲಿ ಹೇಗೆ ಬಂತೋ, "ಆಂಟಿ, ಒಂದೆರಡು ದಿನ ಟೈಮ್ ಕೊಡಿ, ನಾವಿಬ್ರೂ ಇನ್ನೊಂದ್ಸಲ ಮಾತಾಡ್ತೀವಿ" ಅಂದೆ.

"ಯಾಕಮ್ಮ, ನಮ್ ಹುಡುಗನಲ್ಲಿ ಏನು ಕೊರತೆ ಕಂಡ್ತು?"

ಏನು ಹೇಳ್ಲಿ? ಕೊರತೆ ಏನೂ ಕಂಡಿರ್ಲಿಲ್ಲ. ಕೊರತೆ ಕಾಣೋವಷ್ಟು ಹೊತ್ತೂ ಆಗಿರ್ಲಿಲ್ಲ. ಹುಡುಗ ನೆಲ ನೋಡ್ತಾ ಇದ್ರು, ಅವ್ರು ಒಂದು ಮಾತು, ಹೌದಮ್ಮ ಎರಡು ದಿನ ಬಿಡಿ ಅಂತ ಅಂದಿದ್ರೆ ನಾನು ಆಗ್ಲೇ ಹೂಂ ಅಂತಿದ್ನೋ ಏನೋ. ಆ ಅಮ್ಮ ಹೂವನ್ನ ನಮ್ಮಮ್ಮನ ಕೈಗೆ ಕೊಟ್ಟು "ದೇವ್ರಿಗೆ ಮುಡಿಸಿ" ಅಂತ ಹೇಳಿ, ಕುಂಕುಮ ತಗೊಂಡು ಹೊರಟ್ರು. ಆಮೇಲೆ ಬ್ರೋಕರ್ ಕೈಲಿ ಬಂದ ಮಾತು, ಹುಡುಗಿ ಸ್ವಲ್ಪ ಜೋರು ಅಂತ. ಎರಡು ದಿನ ಕೇಳಿದ್ದಕ್ಕೆ.

ಅವತ್ತಿಂದ ನಾನು ಯಾವ ಕಾರಣ ನಮ್ಮನೇಲಿ ಪಾಸಾಗುತ್ತೆ ಅಂತ ಗಮನಿಸೋಕೆ ಶುರು ಮಾಡಿದೆ. ಕುಡೀತಾನೆ ಅಂದ್ರೆ ಪಾಸ್. ಕೆಲ್ಸ ಪರ್ಮನೆಂಟ್ ಅಲ್ಲ ಅಂದ್ರೆ ಪಾಸ್. ಜಾತಕ ಕೂಡಲ್ಲ ಅಂದ್ರಂತೂ ಡಿಸ್ಟಿಂಕ್ಷನ್, ಯಾರಿಗೂ ಬೇಜಾರಿಲ್ಲ, ಯಾರ ತಪ್ಪೂ ಅಲ್ಲ, ಗ್ರಹದ ತಪ್ಪು. ಗಂಡಿನ ಕಡೆಯವ್ರೂ ಇದನ್ನೇ ಬಳಸ್ತಾರೆ, ಜಾತಕ ಕೂಡಿದೆ ಅಂತ ಹೇಳ್ಕೊಂಡೇ ಬಂದು ಕೇಸರಿಬಾತ್ ತಿಂದು ಹೋದೋರು ವಾರ ಬಿಟ್ಟು "ಇನ್ನೊಬ್ರ ಹತ್ರ ತೋರ್ಸಿದ್ವಿ, ಕೂಡ್ಲಿಲ್ಲ" ಅಂತಾರೆ. ಅರಸೀಕೆರೆಯ ನನ್ನ ಕಸಿನ್ ಒಬ್ಳು ನೇರ ಜೋಯಿಸ್ರಿಗೇ ಫೋನ್ ಮಾಡಿ, ಸ್ವಾಮಿ ಕೂಡಲ್ಲ ಅಂತ ಹೇಳ್ಬಿಡಿ ಅಂದ್ಲಂತೆ, ಅವ್ರು ದಕ್ಷಿಣೆ ಎರಡು ಕಡೆಯಿಂದ್ಲೂ ತಗೊಂಡ್ರು. ಆದ್ರೆ "ಮಾತು ಸೇರ್ಲಿಲ್ಲ" ಅನ್ನೋದು ಮಾತ್ರ ಎಲ್ಲೂ ಪಾಸಾಗಲ್ಲ. "ಮಾತು ಮದುವೆ ಆದ್ಮೇಲೆ ತಾನಾಗೇ ಸೇರುತ್ತೆ" ಅಂತಾಳೆ ಅಮ್ಮ. ಅವ್ಳೂ ಅಪ್ಪನೂ ಮಾತಾಡೋದು ಕರೆಂಟ್ ಬಿಲ್ ಬಗ್ಗೆ.

ಅಪ್ಪನ ವಿಷ್ಯಕ್ಕೇ ನಂಗೆ ಜಾಸ್ತಿ ಸಂಕಟ. ಎಪಿಎಂಸಿ ಯಾರ್ಡಲ್ಲಿ ಕ್ವಿಂಟಾಲ್‌ಗೆ ಹತ್ತು ರೂಪಾಯಿ ಬಿಟ್ಕೊಡದ ಮನುಷ್ಯ, ಗಂಡಿನ ಕಡೆಯವ್ರ ಮುಂದೆ ದನಿ ಹಾಗೇ ಇಳಿದುಬಿಡುತ್ತೆ, "ನಮ್ ಕೈಲಾದ್ದು ಮಾಡ್ತೀವಿ" ಅಂತ. ಅವ್ರೂ ಜಾಣರು. 1961ರಲ್ಲೇ ವರದಕ್ಷಿಣೆ ನಿಷೇಧ ಕಾಯ್ದೆ ಬಂದಿರೋದಕ್ಕೆ ಈಗ ಯಾರೂ ಆ ಪದ ಎತ್ತಲ್ಲ, "ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಏನು ಹಾಕ್ತೀರೋ ಹಾಕಿ" ಅಂತಾರೆ, ಹೇಳಿ ನನ್ನ ಕಿವಿ ಓಲೆ ನೋಡ್ತಾರೆ. ಅವತ್ತು ರಾತ್ರಿ ಅಪ್ಪ ಬೀರು ಬಾಗ್ಲು ತೆಗೆದು ಬ್ಯಾಂಕ್ ಪಾಸ್‌ಬುಕ್ ತಿರುವಿ ಹಾಕೋ ಸದ್ದು ನನ್ನ ರೂಮಿಗೆ ಕೇಳುತ್ತೆ.

ಹಿಂದಿನ ವಾರ ಕೂತು ಮಾತಾಡ್ದೆ. ಮದುವೆ ಬೇಡ ಅಂತ ನಾನ್ಯಾವತ್ತೂ ಅಂದಿಲ್ಲ, ಇವತ್ತೂ ಅನ್ನಲ್ಲ. ಮೊದ್ಲು ನಾನೂ ಹುಡುಗನೂ ಫೋನಲ್ಲಿ ಮಾತಾಡ್ತೀವಿ, ಆಮೇಲೆ ಬೆಂಗಳೂರಲ್ಲೇ ಎಲ್ಲಾದ್ರೂ ಕಾಫಿಗೆ ಸಿಕ್ತೀವಿ, ಇಬ್ರೂ ಸರಿ ಅಂದ್ರೆ ಮಾತ್ರ ಮನೆಗೆ ಬರ್ಲಿ, ಬೇಡ ಅಂದ್ರೆ ಯಾಕೆ ಅಂತ ಕೇಳ್ಬಾರ್ದು ಅಂತ ಹೇಳ್ದೆ. ಅಮ್ಮ ಎದ್ದು ಒಳಗೆ ಹೋದ್ಲು. ಅಪ್ಪ ಸುಮಾರು ಹೊತ್ತು ಕೂತಿದ್ದು, "ಮೊದಲಿನ ಮೂರು ಆಗ್ಬೋದು ಕಣಮ್ಮ. ಕೊನೇದು, ನಾನು ಕೇಳಲ್ಲ, ನಿಮ್ಮ ದೊಡ್ಡಮ್ಮಂಗೆ ಏನು ಹೇಳ್ಲಿ?" ಅಂದ್ರು.

ನಾಡಿ ಬರ್ಲಿಲ್ಲ ಅನ್ನಿ ಅಂದೆ.