ಮೂರನೇ ಕೌಂಟರಿನ ಕೊನೆಯ ಟ್ಯಾಲಿ

ಎಲ್ಲರಿಗೂ ನಮಸ್ಕಾರ.

ಇವತ್ತು ಸಂಜೆ ಕ್ಯಾಷ್ ಮುಚ್ಚುವುದರೊಂದಿಗೆ ನನ್ನ 30 ವರ್ಷದ ಬ್ಯಾಂಕ್ ಗುಮಾಸ್ತಿಕೆಯೂ ಮುಚ್ಚಿತು. ಲೆಕ್ಕ ಒಪ್ಪಿಸದೆ ಕುರ್ಚಿ ಬಿಡುವ ಅಭ್ಯಾಸವಿಲ್ಲ, ಆದ್ದರಿಂದ ಯಾರಿಗೆ ಏನು ಬಾಕಿ ಉಳಿಸಿಕೊಂಡಿದ್ದೇನೆ ಅನ್ನುವುದನ್ನೂ ಒಪ್ಪಿಸಿಯೇ ಹೊರಡುತ್ತೇನೆ.

ಮೊದಲ ಸಾಲ ಸಹೋದ್ಯೋಗಿಗಳದು. ಟ್ಯಾಲಿ ಸಿಗದ ಸಂಜೆಗಳಲ್ಲಿ ಹೆಗಲಿಗೇರಿಸಿದ ಬ್ಯಾಗನ್ನು ಮತ್ತೆ ಕೆಳಗಿಟ್ಟು, "ವ್ಯತ್ಯಾಸ ಎಷ್ಟು?" ಅಂತ ಪಕ್ಕದಲ್ಲಿ ಕೂತವರು ನೀವು. ನಾಳೆ ಈ ಸೀಟಿಗೆ ಬರುವವರಿಗೂ ನೀವು ಹಾಗೇ ಕೂರುತ್ತೀರಿ ಅಂತ ಗೊತ್ತು. ಆದರೂ ಅವರಿಗಾಗಿ ಬರೆದಿಡುತ್ತೇನೆ. ವ್ಯತ್ಯಾಸ 9ರಿಂದ ಭಾಗವಾದರೆ ಮೊದಲು ಅಂಕಿ ಅದಲುಬದಲಾಗಿದೆಯಾ ನೋಡಿ: 5,400 ಬದಲು 4,500 ಬಿದ್ದರೆ 900 ಕಮ್ಮಿ. ಒಂದು ಸೊನ್ನೆ ಬಿಟ್ಟುಹೋದರೂ ಇದೇ ಸುಳಿವು: 2,000 ಬದಲು 200 ಬಿದ್ದರೆ 1,800. ಭಾಗವಾಗದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ ಆ ಮೊತ್ತ ಹುಡುಕಿ. 1,250ರ ಜಮಾ ಖರ್ಚಿನ ಕಡೆ ಬಿದ್ದಿದ್ದರೆ ಲೆಕ್ಕ 2,500 ತಪ್ಪುತ್ತದೆ. ಎರಡೂ ಅಲ್ಲವೆಂದರೆ ಒಂದು ವೋಚರೇ ತಪ್ಪಿಸಿಕೊಂಡಿರುತ್ತದೆ, ಹೆಚ್ಚಾಗಿ ಇನ್ನೊಂದರ ಪಿನ್ನಿಗೆ ಸಿಕ್ಕಿಕೊಂಡು. ಇಷ್ಟೆಲ್ಲ ಹುಡುಕುವ ಮೊದಲು ಡ್ರಾಯರನ್ನು ಪೂರ್ತಿ ಹೊರಗೆಳೆದು ಅದರ ಹಿಂದೆ ಕೈ ಹಾಕಿ. ಮರ್ಯಾದೆಯ ಪ್ರಶ್ನೆ ಅಂದುಕೊಂಡು ಇದನ್ನು ಯಾರೂ ಮೊದಲು ಮಾಡುವುದಿಲ್ಲ.

ಎಣಿಸುವ ಮೆಷಿನ್ ಒಳ್ಳೆಯದೇ, ಆದರೆ ಅದರ ಮಾತನ್ನೇ ಪೂರ್ತಿ ನಂಬಬೇಡಿ. ಹೊಸ ನೋಟು ಒಂದಕ್ಕೊಂದು ಅಂಟಿ ಜೋಡಿಯಾಗಿ ಜಾರಿದರೆ ಅದು ಒಂದೇ ಎಂದು ಎಣಿಸಬಹುದು, ಆಗ 100ರ ಪ್ಯಾಕೆಟ್ಟಿನಲ್ಲಿ 101 ಹೊರಗೆ ಹೋಗುತ್ತದೆ. ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ, ಒಮ್ಮೆ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಹಾಕಿ. ಬೆಳಗ್ಗೆ ಸೆನ್ಸರಿನ ಧೂಳನ್ನು ಬ್ರಷ್ಷಿನಲ್ಲಿ ತೆಗೆದರೆ ಸುಮ್ಮಸುಮ್ಮನೆ ನಿಲ್ಲುವುದೂ ಕಮ್ಮಿಯಾಗುತ್ತದೆ.

ಹೆಡ್ ಕ್ಯಾಷಿಯರ್‌ಗೆ ವಿಶೇಷ ಕೃತಜ್ಞತೆ. ಎಷ್ಟೇ ಅವಸರವಿದ್ದರೂ "ಸ್ವಲ್ಪ ನಿಮ್ಮ ಕೀಲಿ ಕೊಡಿ" ಅನ್ನಲಿಲ್ಲ. ಸ್ಟ್ರಾಂಗ್‌ರೂಮಿಗೆ ಎರಡು ಕೀಲಿ, ಎರಡು ಕೈ. ಅಪನಂಬಿಕೆಯಿಂದ ಮಾಡಿದ ವ್ಯವಸ್ಥೆಯಂತೆ ಕಾಣುತ್ತದೆ ನಿಜ, ಆದರೆ ಏನಾದರೂ ಕಮ್ಮಿ ಬಿದ್ದ ದಿನ ಇಬ್ಬರನ್ನೂ ಕಾಪಾಡುವುದು ಅದೇ. ಪಾಸ್‌ವರ್ಡಿನ ಮಾತೂ ಇಷ್ಟೇ. ವೋಚರ್ ಪಾಸ್ ಮಾಡುವ ಅಧಿಕಾರಿಗಳೇ, ನೀವು ಕೆಂಪು ಶಾಯಿಯಲ್ಲಿ ಗೀಚಿ ವಾಪಸ್ ಕಳಿಸಿದ ಪ್ರತಿಯೊಂದು ಚೀಟಿಗೂ ಧನ್ಯವಾದ. ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಅಂದುಕೊಂಡದ್ದನ್ನು ವಾಪಸ್ ಪಡೆದಿದ್ದೇನೆ.

ಇನ್ನು ನಮ್ಮ ಗ್ರಾಹಕರು. ಸರ್ವರ್ ಇಲ್ಲ ಎಂದಾಗ ಕಾದಿರಿ, ಬಂತು ಎಂದಾಗ ಪ್ರಿಂಟರ್ ಕೆಟ್ಟಿತ್ತು, ಆಗಲೂ ಕಾದಿರಿ. ಪಾಸ್‌ಬುಕ್ಕಿನ ಒಂದು ಗುಟ್ಟು ಹೇಳಿ ಆ ಋಣ ಸ್ವಲ್ಪ ತೀರಿಸುತ್ತೇನೆ. ದಯವಿಟ್ಟು ಅದನ್ನು ಮಡಚಿ ಜೇಬಿಗೆ ತುರುಕಬೇಡಿ. ಹೊಲಿಗೆಯ ಹತ್ತಿರ ಉಬ್ಬಿದ ಪುಸ್ತಕ ಪ್ರಿಂಟರಿನೊಳಗೆ ಓರೆಯಾಗಿ ಹೋಗುತ್ತದೆ, ಸಾಲಿನ ಮೇಲೆ ಸಾಲು ಬೀಳುತ್ತದೆ, ಕೊನೆಗೆ ನಿಮ್ಮ ಬ್ಯಾಲೆನ್ಸ್ ನಮಗೂ ಓದಲಾಗುವುದಿಲ್ಲ.

ಚೆಕ್ಕಿನಲ್ಲಿ ಅಂಕಿ ಮತ್ತು ಅಕ್ಷರ ಒಂದೇ ಮೊತ್ತ ಹೇಳಲಿ, ಅಕ್ಷರ ಮುಗಿದ ಕಡೆಯಿಂದ ಅಂಚಿನವರೆಗೆ ಒಂದು ಗೆರೆ ಎಳೆಯಿರಿ. ನಾಮಿನಿ ಹೆಸರು ಖಾತೆಯಲ್ಲಿದೆಯೇ ಎಂದು ಈ ವಾರವೇ ಕೇಳಿ. ಒಟಿಪಿ ಯಾರಿಗೂ ಹೇಳಬೇಡಿ, ನಾನೇ ಫೋನ್ ಮಾಡಿ ಕೇಳಿದರೂ ಸರಿ. ನಾಳೆಯಿಂದಂತೂ ಖಂಡಿತ ಬೇಡ!

ಹಿರಿಯರಿಗೆ ಒಂದು ಮಾತು. ವಯಸ್ಸಾದಂತೆ ಸಹಿಯೂ ವಯಸ್ಸಾಗುತ್ತದೆ. ಖಾತೆ ತೆರೆದ ದಿನ ಒಂದೇ ಬೀಸಿನಲ್ಲಿ ಸುತ್ತಿದ ಕೊನೆಯ ಅಕ್ಷರ ಈಗ ಮೂರು ಕಡೆ ನಡುಗಿ ನಿಲ್ಲುತ್ತದೆ. "ಸಹಿ ಹೊಂದುತ್ತಿಲ್ಲ" ಅಂದಾಗ ನಿಮ್ಮ ಮುಖ ಸಣ್ಣಗಾದದ್ದು ಗಾಜಿನ ಈಚೆಗೂ ಕಾಣುತ್ತಿತ್ತು. ಅದು ನಿಮ್ಮ ಮೇಲಿನ ಸಂಶಯವಲ್ಲ, ನಿಮ್ಮ ದುಡ್ಡಿಗೆ ಕಾವಲು. ಗುರುತಿನ ಚೀಟಿ ತಂದು ಈಗಿನ ಕೈಯ ಮಾದರಿ ಸಹಿ ಕೊಟ್ಟುಬಿಡಿ, ಕೈ ಪೂರ್ತಿ ಸೋತ ಮೇಲೆ ಬರುವುದು ಕಷ್ಟ.

ಹಸ್ತಾಂತರ ಮಾಡಿದ್ದು: ಡ್ರಾಯರ್ ಕೀಲಿ ಒಂದು, ಕ್ಯಾಷ್ ಸೀಲು ಒಂದು, ತೇದಿ ಸೀಲು ಒಂದು (ತಿಂಗಳ ಚಕ್ರ ಬಿಗಿ, ಬೆಳಗ್ಗೆ ಮೊದಲು ಹಾಳೆಯ ಮೇಲೆ ಒತ್ತಿ ನೋಡಿ), ಸ್ಪಂಜಿನ ಬಟ್ಟಲು ಒಂದು. ದಾರ ಕಟ್ಟಿದ ಪೆನ್ನು ಇದೆ, ಮುಚ್ಚಳ ಇಲ್ಲ. ಅದು ನಿಮ್ಮಲ್ಲೇ ಯಾರದೋ ಜೇಬಿನಲ್ಲಿದೆ. ಇಟ್ಟುಕೊಳ್ಳಿ.

ಇವತ್ತಿನ ಟ್ಯಾಲಿ ಮೊದಲ ಸಲಕ್ಕೇ ಸಿಕ್ಕಿತು. ಆದರೂ ಇನ್ನೊಮ್ಮೆ ಎಣಿಸಿದೆ.