ಬಾಡಿಗೆ ಪರಿಷ್ಕರಣೆ ಕುರಿತು ಅಂಗಡಿಕಾರರಿಗೆ ನೋಟಿಸು

ಸ್ಥಳ: ಮುಳಗುಂದ ನಾಕಾ, ಗದಗ
ದಿನಾಂಕ: 29-12-2025

ಕಾಂಪ್ಲೆಕ್ಸಿನ 1ರಿಂದ 9ನೇ ನಂಬರಿನ ಎಲ್ಲ ಅಂಗಡಿಕಾರರಿಗೆ ನಮಸ್ಕಾರ.

2026ರ ಏಪ್ರಿಲ್ 1ರಿಂದ ಅಂಗಡಿಗಳ ಬಾಡಿಗೆ ಹೆಚ್ಚಾಗುತ್ತದೆ. ಕೆಳಗಿನ ಆರು ಅಂಗಡಿಗಳಿಗೆ ಈಗಿನ 6,500 ರೂಪಾಯಿ ಬದಲು 7,200, ಮಾಳಿಗೆ ಮೇಲಿನ ಮೂರು ಅಂಗಡಿಗಳಿಗೆ 4,000 ಬದಲು 4,400. ಮಾರ್ಚ್ ಕೊನೆಯವರೆಗೆ ಹಳೇ ಬಾಡಿಗೆಯೇ. ಡಿಪಾಜಿಟ್ ಹೆಚ್ಚಿಸುವುದಿಲ್ಲ.

ಕೊನೆಯ ಸಲ ಬಾಡಿಗೆ ಏರಿಸಿದ್ದು 2022ರ ಏಪ್ರಿಲ್‌ನಲ್ಲಿ. ಆಮೇಲೆ ಖರ್ಚು ಎಷ್ಟು ಏರಿದೆ ಎಂದು ನಿಮಗೂ ಗೊತ್ತು, ಆದರೂ ಲೆಕ್ಕ ಹೇಳುತ್ತೇನೆ. ರಾತ್ರಿ ವಾಚ್‌ಮನ್ ಪಗಾರ ತಿಂಗಳಿಗೆ 2,500 ಜಾಸ್ತಿಯಾಗಿದೆ. ಕಸ ಗುಡಿಸುವವರಿಗೆ 800 ಜಾಸ್ತಿ. ಮೆಟ್ಟಿಲು ಮತ್ತು ಪ್ಯಾಸೇಜಿನ ಲೈಟು, ಮೋಟರಿನ ಕರೆಂಟ್ ಬಿಲ್ಲು, ಬೇಸಿಗೆಯಲ್ಲಿ ಬೋರು ಕೈಕೊಟ್ಟಾಗ ತರಿಸುವ ಟ್ಯಾಂಕರ್ ಎಲ್ಲ ಸೇರಿ ಸರಾಸರಿ 1,400. ಆಸ್ತಿ ತೆರಿಗೆಯಲ್ಲಿ ಏರಿದ್ದು ತಿಂಗಳಿಗೆ ಹಂಚಿದರೆ 700. ಒಟ್ಟು 5,400. ಒಂಬತ್ತೂ ಅಂಗಡಿಗಳಿಂದ ಹೆಚ್ಚಿಗೆ ಬರುವುದೂ ಅಷ್ಟೇ. ಬಿಲ್ಲು, ರಸೀದಿ ನನ್ನ ಹತ್ತಿರ ಇವೆ, ಯಾರು ಬೇಕಾದರೂ ನೋಡಬಹುದು.

ಟೆರೇಸಿನ ವಾಟರ್‌ಪ್ರೂಫಿಂಗಿಗೆ ಆದ 1,85,000 ರೂಪಾಯಿ ಇದರಲ್ಲಿ ಸೇರಿಲ್ಲ. ಅದು ಕಟ್ಟಡದ ಕೆಲಸ, ನನ್ನದೇ ಖರ್ಚು. ಕಳೆದ ಮಳೆಗಾಲದಲ್ಲಿ ಟೆರೇಸಿನ ನೀರು ಗೋಡೆಯಲ್ಲಿ ಇಳಿದು 4ನೇ ಅಂಗಡಿಯ ಬಟ್ಟೆ ತಾನುಗಳು ಒದ್ದೆಯಾದವು. ಆ ದುರಸ್ತಿ ತಡವಾಗಿದ್ದು ನನ್ನಿಂದಲೇ. ಹಾಗಾಗಿ 4ನೇ ಅಂಗಡಿಗೆ ಹೊಸ ಬಾಡಿಗೆ ಜುಲೈ 1ರಿಂದ ಮಾತ್ರ.

7ನೇ ಅಂಗಡಿಯ ಟೇಲರ್ ಅವರ 11 ತಿಂಗಳ ಕರಾರು 2026ರ ಜುಲೈ 31ಕ್ಕೆ ಮುಗಿಯುತ್ತದೆ. ಕರಾರಿನ ನಡುವೆ ಬಾಡಿಗೆ ಏರಿಸುವುದು ಸರಿಯಲ್ಲ, ಅಲ್ವಾ? ಅವರಿಗೆ ಆಗಸ್ಟ್ 1ರಿಂದ ಅನ್ವಯ. ಉಳಿದ ಎಲ್ಲರ ಕರಾರು ಮಾರ್ಚ್ 31ಕ್ಕೆ ಮುಗಿಯುತ್ತದೆ. ಹೊಸ ಕರಾರು ಮಾರ್ಚ್ ಕೊನೆಯ ವಾರ ಮಾಡಿಕೊಳ್ಳೋಣ, ಸ್ಟ್ಯಾಂಪ್ ಖರ್ಚು ಅರ್ಧ ನಿಮ್ಮದು, ಅರ್ಧ ನನ್ನದು.

ಬಾಡಿಗೆ ಮೇಲೆ ಜಿಎಸ್‌ಟಿ ಬೀಳುತ್ತದೆಯೇ ಎಂದು ಇಬ್ಬರು ಕೇಳಿದ್ದಾರೆ. ನಾನು ನಿಮ್ಮಿಂದ ಜಿಎಸ್‌ಟಿ ತೆಗೆದುಕೊಳ್ಳುವುದಿಲ್ಲ. ನನ್ನ ವರ್ಷದ ವರಮಾನ 20 ಲಕ್ಷ ಮುಟ್ಟುವುದಿಲ್ಲ, ನಾನು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ. ಆದರೆ ನಿಮ್ಮಲ್ಲಿ ಕಾಂಪೊಸಿಶನ್ ಬಿಟ್ಟು ಸಾಮಾನ್ಯ ಜಿಎಸ್‌ಟಿ ನೋಂದಣಿ ಇರುವವರು ಬಾಡಿಗೆ ಮೇಲಿನ ಜಿಎಸ್‌ಟಿಯನ್ನು ತಾವೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕಾಗುತ್ತದೆ. ನಿಮ್ಮ ನಿಮ್ಮ ಅಂಗಡಿ ಮೀಟರಿನ ಹೆಸ್ಕಾಂ ಬಿಲ್ಲು ಈಗಿನಂತೆ ನೀವೇ ಕಟ್ಟಬೇಕು. ಬಾಡಿಗೆ ಪ್ರತಿ ತಿಂಗಳು 10ನೇ ತಾರೀಖಿನ ಒಳಗೆ. ನಗದು ಕೊಟ್ಟವರು ರಸೀದಿ ಇಸಿದುಕೊಳ್ಳದೆ ಹೋಗಬೇಡಿ.

ಹೊಸ ಬಾಡಿಗೆ ಒಪ್ಪಿಗೆಯಿಲ್ಲದವರು ಫೆಬ್ರವರಿ 28ರ ಒಳಗೆ ಬರೆದು ತಿಳಿಸಿ. ಮಾರ್ಚ್ 31ಕ್ಕೆ ಅಂಗಡಿ ಖುಲ್ಲಾ ಮಾಡಿ ಕೀಲಿ ಕೊಟ್ಟ ದಿನವೇ, ಬಾಕಿ ಇದ್ದರೆ ಮುರಿದುಕೊಂಡು ಡಿಪಾಜಿಟ್ ವಾಪಸ್ ಕೊಡುತ್ತೇನೆ. ಆದರೆ ಯಾರೂ ಹೋಗುವುದು ನನಗೆ ಬೇಡ. ನಿಮ್ಮಲ್ಲಿ ಮೂವರು ಕಟ್ಟಡ ಶುರುವಾದಾಗಿನಿಂದ ಇಲ್ಲೇ ಇದ್ದೀರಿ.

ಮಾತಾಡುವುದಿದ್ದರೆ ಜನವರಿ 11ರ ಭಾನುವಾರ ಬೆಳಿಗ್ಗೆ 10 ಗಂಟೆಗೆ ಟೆರೇಸಿನ ಮೇಲೆ ಸೇರೋಣ. ಚಹಾ ನನ್ನದು. ಈ ನೋಟಿಸಿನ ಒಂದು ಪ್ರತಿಗೆ ಸಹಿ ಮಾಡಿ ವಾಚ್‌ಮನ್ ಕೈಯಲ್ಲಿ ಕೊಡಿ. ಆ ಸಹಿ ನೋಟಿಸು ತಲುಪಿದ್ದಕ್ಕೆ ಮಾತ್ರ, ಬಾಡಿಗೆ ಒಪ್ಪಿದ್ದಕ್ಕಲ್ಲ.

ಇಂತಿ,
ಕಾಂಪ್ಲೆಕ್ಸ್ ಮಾಲೀಕರು